ಮಾಲೀಕರು ‘ಆಯ್ತು’ ಅಂದ ಸಂಜೆ ಹಾಕಿದ ಮೇಲ್

ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾರುವುದು ನನ್ನ ಕೆಲಸ. 2024ರ ಸೆಪ್ಟೆಂಬರ್ 13, ಶುಕ್ರವಾರ. ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಮಾಲೀಕರ ಮುಂದೆ ಕೂತಿದ್ದೆ. ಸುಮಾರು 280 ಜನ ಕಾರ್ಮಿಕರು, ಎಲ್ಲರ ಸಂಬಳವೂ ಎಕ್ಸೆಲ್‌ನಲ್ಲೇ ನಡೆಯುತ್ತಿತ್ತು. ರೇಟಿನ ಮಾತು ಮುಗಿದಿತ್ತು. ಮಾಲೀಕರು ಪೆನ್ ಕೆಳಗಿಟ್ಟು, ‘ಆಯ್ತಪ್ಪ, ಮಾಡೋಣ. ಅಕ್ಟೋಬರ್ ಸಂಬಳ ನಿಮ್ಮದರಲ್ಲೇ ಆಗಲಿ’ ಅಂದರು.

ಈ ಮಾತು ಬಂದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ. ‘ಸರ್, ಇವತ್ತು ಸಂಜೆ ಒಂದು ಮೇಲ್ ಹಾಕ್ತೀನಿ. ಯಾವ ಕೆಲಸ, ಯಾರು ಮಾಡ್ಬೇಕು, ಯಾವತ್ತಿಗೆ ಅಂತ. ನಿಮ್ಮ ಕಡೆಯಿಂದ ಯಾರ್ಯಾರನ್ನ ಸೇರಿಸಲಿ?’ ಅದನ್ನು ಅಲ್ಲಿ ಕೂತೇ ಕೇಳಬೇಕು. ಹೊರಗೆ ಬಂದು ಫೋನ್‌ನಲ್ಲಿ ಕೇಳಿದರೆ ‘ನನಗೇ ಹಾಕಿ, ನಾನು ಹೇಳ್ತೀನಿ’ ಅನ್ನುತ್ತಾರೆ. ಹೇಳಲು ಅವರಿಗೆ ಬಿಡುವಾಗುವುದಿಲ್ಲ. ಕೆಲಸ ಮಾಡಬೇಕಾದವರಿಗೆ ಹತ್ತು ದಿನ ವಿಷಯವೇ ಗೊತ್ತಿರುವುದಿಲ್ಲ. ಅವತ್ತು ಮಾಲೀಕರು ಇಬ್ಬರ ಹೆಸರು ಹೇಳಿದರು. ಒಬ್ಬರು ಎಚ್‌ಆರ್ ನೋಡಿಕೊಳ್ಳುವ ಮೇಡಂ, ಇನ್ನೊಬ್ಬರು ಅಕೌಂಟ್ಸ್ ಮ್ಯಾನೇಜರ್. ಇಬ್ಬರನ್ನೂ ಒಳಗೆ ಕರೆಸಿ, ‘ಇವರು ಮೇಲ್ ಹಾಕ್ತಾರೆ, ನೋಡಿ ಉತ್ತರ ಕೊಡಿ’ ಅಂದರು. ಆ ಒಂದು ಮಾತಿನಿಂದ ನನ್ನ ಮೇಲ್‌ಗೆ ತೂಕ ಬಂತು. ಇಲ್ಲದಿದ್ದರೆ ಅದು ಹೊರಗಿನವನೊಬ್ಬ ಅವರಿಗೆ ಕೆಲಸ ಹಚ್ಚುವ ಮೇಲ್ ಆಗಿರುತ್ತಿತ್ತು.

ತಾರೀಖುಗಳನ್ನು ನಾನು ಹಿಂದಿನಿಂದ ಹಾಕುತ್ತೇನೆ. ನಮ್ಮ ಕಡೆಯ ಅನುಕೂಲ ಏನು ಅನ್ನುವುದರಿಂದ ಶುರು ಮಾಡಿದರೆ ಲೆಕ್ಕ ಕೂಡುವುದಿಲ್ಲ. ಕಾರ್ಖಾನೆಗೆ ಅಲುಗಾಡಿಸಲಾಗದ ದಿನ ಒಂದೇ, ಸಂಬಳದ ದಿನ. ಸಾವಿರಕ್ಕಿಂತ ಕಡಿಮೆ ಜನ ಇರುವ ಕಡೆ ಮುಂದಿನ ತಿಂಗಳ 7ರೊಳಗೆ ಸಂಬಳ ಕೊಡಬೇಕು ಅಂತ ಕಾನೂನೇ ಇತ್ತು. ಇವರು 5ಕ್ಕೇ ಕೊಡುತ್ತಿದ್ದರು. ಹಾಜರಿ ಲೆಕ್ಕ ಹಿಂದಿನ ತಿಂಗಳ 26ರಿಂದ ಈ ತಿಂಗಳ 25ರವರೆಗೆ. ಅಂದರೆ ಅಕ್ಟೋಬರ್ ಸಂಬಳದ ಹಾಜರಿ ಸೆಪ್ಟೆಂಬರ್ 26ಕ್ಕೇ ಶುರು. ಅದಕ್ಕೂ ಮೊದಲು ಹಾಜರಿ ಯಂತ್ರ ನಮ್ಮ ಸಾಫ್ಟ್‌ವೇರ್ ಜೊತೆ ಮಾತಾಡುತ್ತಿರಬೇಕು. ಅದಕ್ಕೂ ಮೊದಲು ಕಾರ್ಮಿಕರ ಪಟ್ಟಿ ಬಂದಿರಬೇಕು. ಅದಕ್ಕೂ ಮೊದಲು ಪಿಒ, ಅಂದರೆ ಅವರ ಖರೀದಿ ಆದೇಶ. ಹೀಗೆ ಹಿಂದೆ ಹಿಂದೆ ಬರುತ್ತಾ ಹೋದರೆ ಮುಂದಿನ ವಾರವೇ ಕೆಲಸ ಶುರುವಾಗಬೇಕು ಅಂತ ತಿಳಿಯುತ್ತದೆ.

ಮೇಲ್ ಇಂಗ್ಲಿಷ್‌ನಲ್ಲಿತ್ತು. ಹೆಸರಿನ ಬದಲು ಹುದ್ದೆ ಹಾಕಿ ಅದರ ಮುಖ್ಯ ಭಾಗ ಇಲ್ಲಿ ಕೊಡುತ್ತೇನೆ:

> ಸರ್, ಇವತ್ತು ನೀವು ಹೇಳಿದಂತೆ ಅಕ್ಟೋಬರ್ ಸಂಬಳ (ಕೊಡುವ ದಿನ ನವೆಂಬರ್ 5) ಹೊಸ ಸಾಫ್ಟ್‌ವೇರ್‌ನಲ್ಲಿ ಆಗಬೇಕು. ಅದಕ್ಕೆ ಎರಡೂ ಕಡೆ ಆಗಬೇಕಾದ ಕೆಲಸ ಕೆಳಗಿದೆ. ಇದು ಕರಡು. ಹೆಸರು, ತಾರೀಖು ಸರಿಯಿಲ್ಲದಿದ್ದರೆ ದಯವಿಟ್ಟು ತಿದ್ದಿ ಕಳಿಸಿ.
>
> ಸೆ. 17: ನಮ್ಮ ಜಿಎಸ್‌ಟಿ, ಪ್ಯಾನ್, ಉದ್ಯಮ್ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್ ಕಳಿಸುವುದು – ನಾನು
> ಸೆ. 20: ವೆಂಡರ್ ಕೋಡ್, ಪಿಒ – ಅಕೌಂಟ್ಸ್ ಮ್ಯಾನೇಜರ್
> ಸೆ. 23: ಕಾರ್ಮಿಕರ ಪಟ್ಟಿ, ಜೊತೆಗಿಟ್ಟ ಫೈಲ್‌ನಲ್ಲೇ ತುಂಬಿ – ಎಚ್‌ಆರ್ ಮೇಡಂ
> ಸೆ. 25: ಬಯೋಮೆಟ್ರಿಕ್ ಯಂತ್ರದ ಜೋಡಣೆ – ನಮ್ಮ ಎಂಜಿನಿಯರ್, ನಿಮ್ಮ ಕಡೆ ಯಾರು?
> ಸೆ. 27–ಅ. 4: ಸೆಪ್ಟೆಂಬರ್ ಸಂಬಳ ಎರಡರಲ್ಲೂ ಹಾಕಿ ಹೋಲಿಸುವುದು – ನಮ್ಮ ಎಂಜಿನಿಯರ್. ‘ಲೆಕ್ಕ ತಾಳೆಯಾಗಿದೆ’ ಎಂದು ಒಪ್ಪುವವರು – ಎಚ್‌ಆರ್ ಮೇಡಂ

ಒಂದೊಂದು ಸಾಲಿಗೂ ಒಂದೇ ಹೆಸರು. ‘ಎಚ್‌ಆರ್ ಟೀಮ್’ ಅಂತ ಬರೆದರೆ ಯಾರೂ ಅದನ್ನು ತಮ್ಮದು ಅಂದುಕೊಳ್ಳುವುದಿಲ್ಲ. ಮೊದಲ ಸಾಲು ನನ್ನ ಹೆಸರಿನಲ್ಲೇ ಇರಬೇಕು, ಅದೂ ಎಲ್ಲಕ್ಕಿಂತ ಹತ್ತಿರದ ತಾರೀಖಿಗೆ. ಅದು ಹೇಳಿದ ದಿನ ಆದರೆ ಉಳಿದವರಿಗೂ ಈ ಪಟ್ಟಿ ನಿಜ ಅನ್ನಿಸುತ್ತದೆ. ಇನ್ನು ಕೊನೆಯ ಸಾಲಿನಲ್ಲಿ ‘ಒಪ್ಪುವವರು’ ಅಂತ ಬೇರೆಯಾಗಿ ಬರೆದಿದ್ದೇನಲ್ಲ, ಅದನ್ನು ಬಿಟ್ಟರೆ ಹೋಲಿಕೆ ಮುಗಿಯುವುದೇ ಇಲ್ಲ. ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ ನೋಡೋಣ ಅಂತ ಎಳೆಯುತ್ತಾ ಹೋಗುತ್ತದೆ.

ಶನಿವಾರ ಮಾಲೀಕರು ‘ಓಕೆ’ ಅಂತ ಉತ್ತರ ಕೊಟ್ಟರು. ನಾನು ಕಾಯುತ್ತಿದ್ದದ್ದು ಉಳಿದ ಇಬ್ಬರಿಗೆ. ಎಲ್ಲರಿಂದಲೂ ಬರೀ ಓಕೆ ಬಂದರೆ ನನಗೆ ಆತಂಕ ಜಾಸ್ತಿ. ಯಾರೂ ಸಾಲು ಸಾಲಾಗಿ ಓದಿಲ್ಲ ಅಂತಲೇ ಅರ್ಥ. ಓದಿದವರು ಏನಾದರೂ ತಿದ್ದೇ ತಿದ್ದುತ್ತಾರೆ.

ಅಕೌಂಟ್ಸ್‌ನವರ ಉತ್ತರ ಒಂದೇ ಸಾಲು: ‘ಸರ್ 19ಕ್ಕೆ ಚೆನ್ನೈಗೆ ಹೋಗುತ್ತಾರೆ. ಪಿಒಗೆ ಅವರ ಸಹಿ ಬೇಕು. 18ರೊಳಗೆ ಆಗಬೇಕು.’ ನನಗೆ ಇದು ಎಲ್ಲಿಂದ ಗೊತ್ತಾಗಬೇಕು ಹೇಳಿ? 20 ಅಂತಲೇ ಬಿಟ್ಟಿದ್ದರೆ ಪಿಒ ಇನ್ನೊಂದು ವಾರ ಮೇಜಿನ ಮೇಲೇ ಇರುತ್ತಿತ್ತು. ಪಿಒ ಇಲ್ಲದೆ ನಮ್ಮ ಕಂಪನಿ ಎಂಜಿನಿಯರ್‌ನನ್ನು ಕಳಿಸುವುದಿಲ್ಲ. ನಾನು ಮಂಗಳವಾರ ಬೆಳಿಗ್ಗೆಯೇ ಕಾಗದಪತ್ರ ಕಳಿಸಿದೆ. ಬುಧವಾರ ಸಂಜೆ ಸಹಿ ಆಯಿತು.

ಮೇಡಂ ಉತ್ತರ ಉದ್ದ ಇತ್ತು, ಮತ್ತು ಬಹಳ ಮುಖ್ಯವಾದದ್ದೂ ಅದೇ. ಅಕ್ಟೋಬರ್ ಸಂಬಳದಿಂದ ಶುರು ಮಾಡುವುದು ಬೇಡ ಅಂತ ಬರೆದಿದ್ದರು. ಕಾರಣವನ್ನು ದಿನದ ಲೆಕ್ಕದಲ್ಲಿ ಕೊಟ್ಟಿದ್ದರು. ಅಕ್ಟೋಬರ್ 26ರಿಂದ ನವೆಂಬರ್ 5ರ ನಡುವೆ ಸಂಬಳ ತಯಾರಾಗಬೇಕು. ಆ ವರ್ಷ ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ನಾಲ್ಕು ದಿನ ಕಾರ್ಖಾನೆ ಬಂದ್. ಹಬ್ಬಕ್ಕೆ ಮೊದಲು ಬೋನಸ್ ಬೇರೆ ಕೊಡಬೇಕು. ಉಳಿಯುವುದು ನಾಲ್ಕೈದು ದಿನ. ಹೊಸ ಸಾಫ್ಟ್‌ವೇರ್‌ನಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಹಬ್ಬದ ಸಂಬಳ ತಡವಾಗುತ್ತದೆ, ಆಗ ಗೇಟಿನಲ್ಲಿ ಜನರಿಗೆ ಉತ್ತರ ಕೊಡುವವರು ಯಾರು ಅಂತ ಕೇಳಿದ್ದರು. ಹೋಲಿಕೆಯ ತಾರೀಖನ್ನೂ ಬದಲಿಸಿದ್ದರು. ತಿಂಗಳ ಮೊದಲ ವಾರ ಸಂಬಳ, 15ರೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು, ನಡುವೆ 11ಕ್ಕೆ ಆಯುಧಪೂಜೆ. ಅವರು ತಲೆ ಎತ್ತುವುದೇ 15 ಆದ ಮೇಲೆ.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನು ಹಾಕಿದ್ದ ತಿಂಗಳು ಮಾಲೀಕರ ಬಾಯಿಂದ ಬಂದದ್ದು. ಆದರೆ ಸಂಬಳ ಮಾಡುವವರು ಮೇಡಂ. ‘ಆಯ್ತು’ ಅನ್ನುವವರಿಗೂ ಕೆಲಸ ಮಾಡುವವರಿಗೂ ಕ್ಯಾಲೆಂಡರ್ ಬೇರೆ ಬೇರೆ. ಎರಡನ್ನೂ ಒಂದೇ ಹಾಳೆಯ ಮೇಲೆ ತರುವುದಕ್ಕೇ ಅಲ್ವಾ ಈ ಮೇಲ್? ನಾನು ಅವತ್ತೇ ಮಾಲೀಕರಿಗೆ ಫೋನ್ ಮಾಡಿ, ‘ಸರ್, ಮೇಡಂ ಹೇಳೋದು ಸರಿ ಇದೆ, ಒಂದು ತಿಂಗಳು ಮುಂದಕ್ಕೆ ಹಾಕೋಣ’ ಅಂದೆ. ನಮಗೆ ಉಳಿದ ಅರ್ಧ ಹಣ ಒಂದು ತಿಂಗಳು ತಡವಾಗುತ್ತಿತ್ತು, ಅಷ್ಟೇ. ಹೊಸ ಪಟ್ಟಿಯಲ್ಲಿ ನವೆಂಬರ್ ಸಂಬಳ, ಡಿಸೆಂಬರ್ 5 ಅಂತ ಬಂತು. ಸೆಪ್ಟೆಂಬರ್ ಸಂಬಳದ ಹೋಲಿಕೆ ಅಕ್ಟೋಬರ್ 16ರಿಂದ 19. ಅಕ್ಟೋಬರ್ ಸಂಬಳವನ್ನೂ ಹಬ್ಬ ಮುಗಿಸಿ ನವೆಂಬರ್ ಎರಡನೇ ವಾರದಲ್ಲಿ ಹೋಲಿಸುವುದು. ಒಂದರ ಬದಲು ಎರಡು ಹೋಲಿಕೆ ಸಿಕ್ಕಿದ್ದು ಎಲ್ಲರಿಗೂ ಒಳ್ಳೆಯದೇ ಆಯಿತು.

ಹೆಸರಿಲ್ಲದ ಸಾಲು ಒಂದಿತ್ತು, ಬಯೋಮೆಟ್ರಿಕ್ ಯಂತ್ರದ್ದು. ಅದರ ಮುಂದೆ ಮೇಡಂ ‘ಐಟಿ’ ಅಂತ ಬರೆದಿದ್ದರು. ಐಟಿ ಅಂದರೆ ಯಾರು ಅಂತ ಕೇಳಿದೆ. ಕಾರ್ಖಾನೆಯಲ್ಲಿ ಐಟಿಯವರೇ ಇರಲಿಲ್ಲ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದದ ಮೇಲೆ ಒಬ್ಬರು ಮಂಗಳವಾರ, ಶುಕ್ರವಾರ ಬಂದು ಹೋಗುತ್ತಿದ್ದರು. ಅವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಅವರನ್ನೂ ಮೇಲ್‌ಗೆ ಸೇರಿಸಿ, ಸೆಪ್ಟೆಂಬರ್ 24ರ ಮಂಗಳವಾರ ಅವರ ಹೆಸರಿಗೇ ಹಾಕಿದೆವು. ಆ ದಿನ ಗೊತ್ತಾಗಿದ್ದು ಯಂತ್ರದ ಅಡ್ಮಿನ್ ಪಾಸ್‌ವರ್ಡ್ ಅವರ ಹತ್ತಿರವೂ ಇಲ್ಲ, ಯಂತ್ರ ಮಾರಿದ ಡೀಲರ್ ಹತ್ತಿರ ಇದೆ ಅಂತ. ಅದನ್ನು ತರಿಸುವಷ್ಟರಲ್ಲಿ ಅಕ್ಟೋಬರ್ ಬಂತು. ಕೈಯಲ್ಲಿ ಒಂದು ತಿಂಗಳು ಇದ್ದಿದ್ದರಿಂದ ಯಾರಿಗೂ ಬಿಸಿ ತಟ್ಟಲಿಲ್ಲ.

ಕಾರ್ಮಿಕರ ಪಟ್ಟಿಗೆ ನಮ್ಮದೇ ಫೈಲ್ ಕಳಿಸಿದ್ದಕ್ಕೆ ಕಾರಣ ಇದೆ. ಯುಎಎನ್, ಅಂದರೆ ಪಿಎಫ್‌ಗೆ ಒಬ್ಬೊಬ್ಬರಿಗೂ ಇರುವ ನಂಬರ್, 12 ಅಂಕಿ. ಎಕ್ಸೆಲ್‌ನಲ್ಲಿ ಸುಮ್ನೆ ಟೈಪ್ ಮಾಡಿದರೆ ಅದು `1.00123E+11` ಅಂತ ಕಾಣಿಸುತ್ತದೆ. ಫೈಲನ್ನು ಸಿಎಸ್‌ವಿ ಮಾಡಿ ಮತ್ತೆ ತೆರೆದರೆ ಕೊನೆಯ ಅಂಕಿಗಳು ಸೊನ್ನೆಯಾಗಿ ನಿಜವಾದ ನಂಬರ್ ಹೋಗಿಬಿಡುತ್ತದೆ. ಬ್ಯಾಂಕ್ ಖಾತೆ ಸೊನ್ನೆಯಿಂದ ಶುರುವಾಗುತ್ತಿದ್ದರೆ ಆ ಸೊನ್ನೆ ಮಾಯ. ಪಟ್ಟಿ ನೋಡಿದರೆ ತುಂಬಿದೆ ಅನ್ನಿಸುತ್ತದೆ. ತಪ್ಪು ಕಾಣುವುದು ಸಂಬಳದ ದಿನ, ಬ್ಯಾಂಕ್‌ನಿಂದ ಹಣ ವಾಪಸ್ ಬಂದಾಗ. ಅದಕ್ಕೇ ಆ ಕಾಲಂಗಳನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟ ಫೈಲ್ ಮೇಲ್ ಜೊತೆ ಹೋಗಿತ್ತು. ‘ಪಟ್ಟಿ ಕಳಿಸಿ’ ಅಂತ ಬರೆಯುವುದಕ್ಕೂ ‘ಈ ಫೈಲ್‌ನಲ್ಲಿ ತುಂಬಿ ಕಳಿಸಿ’ ಅಂತ ಬರೆಯುವುದಕ್ಕೂ ಇಷ್ಟು ವ್ಯತ್ಯಾಸ ಇದೆ.

ಪ್ರತಿ ಸೋಮವಾರ ಅದೇ ಮೇಲ್‌ಗೆ ಉತ್ತರವಾಗಿ ಪಟ್ಟಿ ಮತ್ತೆ ಹಾಕುತ್ತಿದ್ದೆ. ಮುಗಿದ ಸಾಲಿಗೆ ‘ಆಗಿದೆ’, ಬದಲಾದ ತಾರೀಖು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಕಾರಣ. ಲಿಂಕ್ ಕಳಿಸಲಿಲ್ಲ. ಕಾರ್ಖಾನೆಯ ಕಂಪ್ಯೂಟರ್‌ಗಳಲ್ಲಿ ಹೊರಗಿನ ಶೀಟ್ ತೆರೆಯುತ್ತಿರಲಿಲ್ಲ. ಮಾಲೀಕರಂತೂ ಮೇಲ್ ಓದುತ್ತಿದ್ದದ್ದೇ ಫೋನ್‌ನಲ್ಲಿ.

ಮೊದಲ ಹೋಲಿಕೆಯಲ್ಲಿ ಓವರ್‌ಟೈಮ್ ಇರುವವರ ಲೆಕ್ಕ ಕೂಡಲೇ ಇಲ್ಲ. ಮೇಡಂ ಎಕ್ಸೆಲ್‌ನಲ್ಲಿ ತಿಂಗಳ ಸಂಬಳವನ್ನು 26 ದಿನಕ್ಕೆ ಭಾಗಿಸಿ ಗಂಟೆಯ ದರ ತೆಗೆಯುತ್ತಿದ್ದರು. ನಮ್ಮ ಸಾಫ್ಟ್‌ವೇರ್ ತಿಂಗಳಲ್ಲಿ ಎಷ್ಟು ದಿನ ಇದೆಯೋ ಅಷ್ಟಕ್ಕೆ ಭಾಗಿಸಿತ್ತು. 26ಕ್ಕೆ ಬದಲಿಸಿ ಮತ್ತೆ ಹಾಕಿದಾಗ ಲೆಕ್ಕ ಕೂಡಿತು. ಅಕ್ಟೋಬರ್ 19ರ ಮಧ್ಯಾಹ್ನ ಮೇಡಂ ಅದೇ ಮೇಲ್‌ನಲ್ಲಿ ‘ಸೆಪ್ಟೆಂಬರ್ ತಾಳೆಯಾಗಿದೆ’ ಅಂತ ಬರೆದರು. ನವೆಂಬರ್ ಹೋಲಿಕೆಯಲ್ಲಿ ತಿದ್ದಲು ಹೆಚ್ಚೇನೂ ಇರಲಿಲ್ಲ.

ಡಿಸೆಂಬರ್ 5, ಗುರುವಾರ ಸಂಬಳ ಹೊಸ ಸಾಫ್ಟ್‌ವೇರ್‌ನಿಂದ ಹೋಯಿತು. ಅಕೌಂಟ್ಸ್‌ನವರು ನಮ್ಮ ಎರಡನೇ ಬಿಲ್ ಕಳಿಸಲು ಹೇಳಿದರು. ಪಟ್ಟಿಯಲ್ಲಿ ಒಂದು ಸಾಲು ಇನ್ನೂ ಉಳಿದಿತ್ತು, ಜನವರಿಗೆ ಎಲ್ಲರ ರಜೆಯ ಬಾಕಿ ತುಂಬುವುದು. ಅದಕ್ಕೆ ಡಿಸೆಂಬರ್ 23 ಅಂತ ಮೇಡಂ ತಾವೇ ತಾರೀಖು ಹಾಕಿ, ತಮ್ಮದೇ ಹೆಸರು ಬರೆದು ಕಳಿಸಿದರು.