‘ನುಂಗಿದೆ’ ಎಂಬ ಒಂದು ಕ್ರಿಯಾಪದ

ಪ್ರಕಟಣೆಗೆ ಸಿದ್ಧವಾದ ಟೀಕಾತ್ಮಕ ಲೇಖನಗಳನ್ನು ಕೊನೆಯ ಬಾರಿಗೆ ಓದಿ, ಅವುಗಳಲ್ಲಿರುವ ಪ್ರತಿಯೊಂದು ಆಪಾದನೆಗೂ ಆಧಾರವಿದೆಯೇ ಎಂದು ನೋಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮ ವರದಿಗಾರರೊಬ್ಬರು ತಂದ ಲೇಖನದ ಮೊದಲ ವಾಕ್ಯ ಹೀಗಿತ್ತು: ‘ಈ ಕಂಪನಿ ಸಾವಿರಾರು ಗ್ರಾಹಕರ ಠೇವಣಿ ಹಣವನ್ನು ನುಂಗಿ ಹಾಕಿದೆ.’ ಸೇವೆಯೊಂದಕ್ಕೆ ಮುಂಗಡ ಠೇವಣಿ ಪಡೆಯುವ ಆ ಕಂಪನಿ, ಗ್ರಾಹಕರು ಸೇವೆಯನ್ನು ರದ್ದುಪಡಿಸಿದ 45 ದಿನಗಳೊಳಗೆ ಹಣ ಮರಳಿಸುವುದಾಗಿ ಒಪ್ಪಂದದಲ್ಲಿಯೇ ಬರೆದುಕೊಟ್ಟಿತ್ತು. ಹಣ ಬಾರದೆ ಕಂಗಾಲಾದವರ ಪತ್ರಗಳನ್ನು ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೂ ಆ ಒಂದು ವಾಕ್ಯದಲ್ಲಿ ನಾವು ಸಾಧಿಸಿ ತೋರಿಸಲಾಗದ ಎರಡು ಸಂಗತಿಗಳಿದ್ದವು.

ಮೊದಲನೆಯದು ‘ಸಾವಿರಾರು’. ವರದಿಗಾರರ ಕಡತದಲ್ಲಿದ್ದದ್ದು 14 ಪತ್ರಗಳು. ಅವುಗಳಲ್ಲಿ ಮೂರಕ್ಕೆ ರಸೀದಿಯಾಗಲಿ ಬ್ಯಾಂಕ್ ವಿವರವಾಗಲಿ ಇರಲಿಲ್ಲ. ಉಳಿದ 11 ಮಂದಿಯ ಒಪ್ಪಂದಗಳನ್ನು ತರಿಸಿ ದಿನಾಂಕ ಹೋಲಿಸಿದಾಗ, ಇಬ್ಬರು ರದ್ದತಿಯ ಗಡುವು ಮುಗಿದ ಮೇಲೆ ಅರ್ಜಿ ಕೊಟ್ಟಿದ್ದರು. ಅಂಥವರಿಗೆ ಠೇವಣಿ ಮರಳುವುದಿಲ್ಲವೆಂದು ಒಪ್ಪಂದವೇ ಹೇಳುತ್ತಿತ್ತು. ಆ ಷರತ್ತು ಕಠಿಣವಾಗಿದೆ ಎಂದು ನಾವು ಬರೆಯಬಹುದಿತ್ತೇ ಹೊರತು, ಅವರ ಹಣವನ್ನು ಕಂಪನಿ ಒಪ್ಪಂದ ಮುರಿದು ಇಟ್ಟುಕೊಂಡಿದೆ ಎನ್ನುವಂತಿರಲಿಲ್ಲ. ಹೀಗೆ ನಮ್ಮ ಕೈಯಲ್ಲಿ ಉಳಿದವರು 9 ಮಂದಿ. ಬೇರೆ ನೂರಾರು ಜನರಿಗೂ ಹೀಗೆಯೇ ಆಗಿರಬಹುದು ಎಂದು ವರದಿಗಾರರು ವಾದಿಸಿದರು. ಆಗಿರಬಹುದು, ಆದರೆ ‘ಆಗಿರಬಹುದು’ ಎಂಬುದನ್ನು ‘ಆಗಿದೆ’ ಎಂದು ಬರೆದರೆ ನ್ಯಾಯಾಲಯದಲ್ಲಿ ಆ ನೂರಾರು ಜನರನ್ನು ಕರೆತರುವ ಹೊಣೆ ಬಹುತೇಕ ದೇಶಗಳಲ್ಲಿ ಬರೆದವರ ಮೇಲೆಯೇ ಬೀಳುತ್ತದೆ.

ಎರಡನೆಯದೇ ನಿಜವಾದ ತೊಡಕು: ‘ನುಂಗಿ ಹಾಕಿದೆ’. ‘ಹಣ ಮರಳಿಸಿಲ್ಲ’ ಎಂಬುದು ಕಾಗದ ತೋರಿಸುವ ಸಂಗತಿ. ‘ನುಂಗಿದೆ’ ಎಂದ ತಕ್ಷಣ ಅದರೊಳಗೆ ಒಂದು ಮನಸ್ಸು ಬಂದು ಸೇರಿಕೊಳ್ಳುತ್ತದೆ: ಮರಳಿಸಬಾರದೆಂಬ ಉದ್ದೇಶ, ಆ ಹಣವನ್ನು ತನ್ನದಾಗಿಸಿಕೊಂಡ ಕೃತ್ಯ. ‘ವಂಚಿಸಿದೆ’, ‘ಲಪಟಾಯಿಸಿದೆ’, ‘ಪಂಗನಾಮ ಹಾಕಿದೆ’, ‘ಸುಳ್ಳು ಹೇಳಿದೆ’ ಇವೆಲ್ಲವೂ ಇದೇ ಜಾತಿಯ ಕ್ರಿಯಾಪದಗಳು. ಸುಳ್ಳು ಹೇಳಿದರು ಎನ್ನಬೇಕಾದರೆ ಮಾತು ನಿಜವಲ್ಲ ಎಂದು ತೋರಿಸಿದರೆ ಸಾಲದು, ಅದು ನಿಜವಲ್ಲವೆಂದು ಹೇಳುವಾಗಲೇ ಅವರಿಗೆ ಗೊತ್ತಿತ್ತು ಎಂದೂ ತೋರಿಸಬೇಕು. ಉದ್ದೇಶವನ್ನು ತೋರಿಸುವ ಕಾಗದವೊಂದು ಸಿಕ್ಕರೆ, ಉದಾಹರಣೆಗೆ ‘ಯಾರಿಗೂ ಮರಳಿಸಬೇಡಿ’ ಎಂಬ ಆಂತರಿಕ ಸುತ್ತೋಲೆ ಸಿಕ್ಕರೆ, ಆಗ ಮಾತು ಬೇರೆ. ನಮ್ಮ ಬಳಿ ಅಂಥದ್ದೇನೂ ಇರಲಿಲ್ಲ.

ನಾನು ಆ ಕ್ರಿಯಾಪದವನ್ನು ಹೊಡೆದು ಹಾಕಿದಾಗ ವರದಿಗಾರರು ಮೂರು ಪರ್ಯಾಯಗಳನ್ನು ಮುಂದಿಟ್ಟರು. ಈ ಮೂರನ್ನೂ ಅಂದಿನಿಂದ ಇಂದಿನವರೆಗೆ ಹತ್ತಾರು ಲೇಖನಗಳಲ್ಲಿ ಕಂಡಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು, ‘ನುಂಗಿದೆಯಂತೆ’. ‘ಅಂತೆ’ ಎಂಬ ಪ್ರತ್ಯಯವನ್ನೋ ‘ಎನ್ನಲಾಗಿದೆ’ ಎಂಬ ಬಾಲವನ್ನೋ ಅಂಟಿಸಿದರೆ ಮಾತು ಇನ್ನೊಬ್ಬರದಾಯಿತು, ತಾನು ಪಾರಾದೆ ಎಂಬ ನಂಬಿಕೆ ನಮ್ಮ ಬರವಣಿಗೆಯಲ್ಲಿ ಬಹಳ ಆಳವಾಗಿ ಬೇರೂರಿದೆ. ಆದರೆ ಇನ್ನೊಬ್ಬರ ಆಪಾದನೆಯನ್ನು ಮರುಪ್ರಕಟಿಸಿದವರೂ ಆ ಆಪಾದನೆಯನ್ನು ಮಾಡಿದವರಂತೆಯೇ ಹೊಣೆಗಾರರು ಎಂಬುದು ಮಾನಹಾನಿ ಕಾನೂನಿನ ಹಳೆಯ ನಿಯಮ. ಹಾಗೆ ಯಾರೋ ಹೇಳಿದರೆಂಬುದನ್ನು ಸಾಬೀತುಪಡಿಸಿದರೆ ಆಗುವುದಿಲ್ಲ, ಹೇಳಿದ್ದು ನಿಜವೆಂದು ಸಾಬೀತುಪಡಿಸಬೇಕಾಗುತ್ತದೆ. ನ್ಯಾಯಾಲಯದ ಅಥವಾ ಶಾಸನಸಭೆಯ ಕಲಾಪವನ್ನು ನಿಖರವಾಗಿ ವರದಿ ಮಾಡುವುದಕ್ಕೆ ಅನೇಕ ದೇಶಗಳಲ್ಲಿ ರಕ್ಷಣೆಯಿದೆ. ಆದರೆ ಹೆಸರು ಹೇಳಲೊಪ್ಪದ ಗ್ರಾಹಕನ ಮಾತಿಗೆ ಆ ರಕ್ಷಣೆ ದೊರೆಯುವುದಿಲ್ಲ.

ಎರಡು, ‘ನುಂಗಿತೇ ಕಂಪನಿ?’ ಎಂಬ ಪ್ರಶ್ನೆ. ಓದುಗರು ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡು ಉತ್ತರಕ್ಕಾಗಿ ಕಾಯುವುದಿಲ್ಲ, ಉತ್ತರವನ್ನು ಒಳಗೆ ಇಟ್ಟುಕೊಂಡೇ ಮುಂದೆ ಓದುತ್ತಾರೆ. ಭಾರತದ ದಂಡ ಸಂಹಿತೆಯ 499ನೇ ಕಲಮು ಪರ್ಯಾಯ ರೂಪದಲ್ಲಿ ಹೇಳಿದ ಅಥವಾ ವ್ಯಂಗ್ಯವಾಗಿ ಹೇಳಿದ ಆಪಾದನೆಯೂ ಮಾನಹಾನಿಯಾಗಬಹುದೆಂದು ವಿವರಣೆಯಲ್ಲಿಯೇ ಬರೆದಿತ್ತು, ಕಂಪನಿಯ ಮಾನಕ್ಕೂ ಹಾನಿಯಾಗಬಹುದೆಂದು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿಯೂ ಈ ಮಾತುಗಳು ಉಳಿದಿವೆ. ಪದದ ಹೊರ ರೂಪವನ್ನಲ್ಲ, ಸಾಮಾನ್ಯ ಓದುಗನಿಗೆ ಅದು ತಲುಪಿಸುವ ಅರ್ಥವನ್ನು ನೋಡುವುದು ಅನೇಕ ದೇಶಗಳಲ್ಲಿ ಇರುವ ಕ್ರಮ.

ಮೂರು, ‘ನನ್ನ ಅಭಿಪ್ರಾಯದಲ್ಲಿ ಇದು ವಂಚನೆ’. ಅಭಿಪ್ರಾಯಕ್ಕೆ ಕಾನೂನಿನಲ್ಲಿ ವಿಶಾಲವಾದ ಜಾಗವಿದೆ, ಮತ್ತು ಆ ಜಾಗವನ್ನು ಹೆದರಿಕೆಯಿಂದ ಬಿಟ್ಟುಕೊಡಬಾರದೆಂದು ನಾನು ನಂಬಿದ್ದೇನೆ. ಆದರೆ ‘ನನ್ನ ಅಭಿಪ್ರಾಯ’ ಎಂದು ಮುಂದೆ ಸೇರಿಸಿದ ಮಾತ್ರಕ್ಕೆ ಸಂಗತಿಯ ಆಪಾದನೆಯು ಅಭಿಪ್ರಾಯವಾಗದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ಮಿಲ್ಕೋವಿಚ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಇಂಗ್ಲೆಂಡಿನ 2013ರ ಮಾನಹಾನಿ ಕಾಯ್ದೆಯು ಪ್ರಾಮಾಣಿಕ ಅಭಿಪ್ರಾಯಕ್ಕೆ ರಕ್ಷಣೆ ಕೊಡುವಾಗ, ಆ ಅಭಿಪ್ರಾಯದ ತಳಹದಿ ಏನೆಂಬುದನ್ನು ಬರಹವೇ ಸೂಚಿಸಿರಬೇಕೆಂದು ಕೇಳುತ್ತದೆ. ಆದ್ದರಿಂದ ನಾವು ಸಂಗತಿಗಳನ್ನು ಮೊದಲು ಬಿಡಿಬಿಡಿಯಾಗಿ ಇಟ್ಟು, ಆಮೇಲೆ ‘ಗ್ರಾಹಕರೊಂದಿಗೆ ಹೀಗೆ ನಡೆದುಕೊಳ್ಳುವುದು ನಾಚಿಕೆಗೇಡು’ ಎಂದು ಬರೆದೆವು. ‘ವಂಚನೆ’ಗಿಂತ ಅದು ಮೆದುವಾದ ಮಾತೇನೂ ಅಲ್ಲ. ಆದರೆ ಅದು ಓದುಗರ ಮುಂದಿರುವ ಸಂಗತಿಗಳ ಮೇಲೆ ಕೊಟ್ಟ ತೀರ್ಪು, ಓದುಗರಿಗೆ ಕಾಣದ ಅಪರಾಧವೊಂದರ ಹೇಳಿಕೆಯಲ್ಲ.

ಅನುಮಾನವನ್ನು ಬರೆಯಲೇಬಾರದೇ ಎಂಬ ಪ್ರಶ್ನೆಗೆ 2002ರ ಇಂಗ್ಲಿಷ್ ತೀರ್ಪೊಂದು, ಚೇಸ್ ಪ್ರಕರಣದ್ದು, ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಬರಹವು ಒಬ್ಬರ ಬಗ್ಗೆ ಮೂರು ಮಟ್ಟಗಳಲ್ಲಿ ಮಾತಾಡಬಹುದು: ತಪ್ಪು ಮಾಡಿದ್ದಾರೆ ಎಂದು; ಮಾಡಿದ್ದಾರೆಂದು ಶಂಕಿಸಲು ಸಕಾರಣಗಳಿವೆ ಎಂದು; ತನಿಖೆ ನಡೆಸಲು ಕಾರಣಗಳಿವೆ ಎಂದು. ಮಟ್ಟ ಏರಿದಂತೆ ಒದಗಿಸಬೇಕಾದ ಪುರಾವೆಯ ತೂಕವೂ ಏರುತ್ತದೆ. ನಮ್ಮ 9 ಕಡತಗಳು ಮೂರನೆಯ ಮಟ್ಟವನ್ನು ಗಟ್ಟಿಯಾಗಿ ಹೊರುತ್ತಿದ್ದವು, ಮೊದಲನೆಯದನ್ನು ಹೊರುತ್ತಿರಲಿಲ್ಲ. ‘ಠೇವಣಿ ಮರುಪಾವತಿಯ ಕ್ರಮವನ್ನು ಸಂಬಂಧಪಟ್ಟ ಪ್ರಾಧಿಕಾರ ಪರಿಶೀಲಿಸಬೇಕು’ ಎಂದು ನಾವು ಧೈರ್ಯವಾಗಿ ಬರೆಯಬಹುದಿತ್ತು, ಬರೆದೆವು.

ಲೇಖನದ ನಡುವೆ ಇನ್ನೊಂದು ಅಪಾಯ ಅಡಗಿತ್ತು, ಮತ್ತು ಅದರಲ್ಲಿ ಒಂದೇ ಒಂದು ಸುಳ್ಳು ಪದವೂ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಕಂಪನಿಯ ಹೊಸ ಶಾಖೆಯನ್ನು ಚುನಾಯಿತ ಪ್ರತಿನಿಧಿಯೊಬ್ಬರು ಉದ್ಘಾಟಿಸಿದರು. ಏಪ್ರಿಲ್ ತಿಂಗಳಲ್ಲಿ ಕಂಪನಿಯ ವಿರುದ್ಧದ ದೂರೊಂದನ್ನು ಸಂಬಂಧಪಟ್ಟ ಕಚೇರಿ ಮುಕ್ತಾಯಗೊಳಿಸಿತು. ಎರಡೂ ನಿಜ. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ‘ಇದರ ಬೆನ್ನಲ್ಲೇ’ ಎಂಬ ಪದದಿಂದ ಹೊಲಿದಾಗ ಮಾತ್ರ ಮೂರನೆಯ ವಾಕ್ಯವೊಂದು ಓದುಗರ ಮನಸ್ಸಿನಲ್ಲಿ ಹುಟ್ಟುತ್ತದೆ: ಆ ಜನಪ್ರತಿನಿಧಿ ಪ್ರಭಾವ ಬೀರಿ ದೂರನ್ನು ಮುಚ್ಚಿಸಿದರು. ಬರೆಯದೆ ಹೇಳಿದ ಆ ವಾಕ್ಯಕ್ಕೂ ನಾವೇ ಹೊಣೆ. ಮುಕ್ತಾಯದ ಆದೇಶದ ಪ್ರತಿಯನ್ನು ತರಿಸಿ ಓದಿದಾಗ, ಹಣ ಕೈಸೇರಿದ್ದರಿಂದ ದೂರುದಾರರೇ ಲಿಖಿತವಾಗಿ ದೂರನ್ನು ಹಿಂಪಡೆದಿದ್ದರೆಂದು ತಿಳಿಯಿತು. ಉದ್ಘಾಟನೆಯ ಸಂಗತಿಯನ್ನು ಲೇಖನದಿಂದ ತೆಗೆದೆವು. ಸಾರ್ವಜನಿಕ ವ್ಯಕ್ತಿಗಳು ಟೀಕೆಯನ್ನು ಹೆಚ್ಚು ಸಹಿಸಬೇಕೆಂಬುದು ಸರಿಯಾದ ತತ್ವ. 1964ರ ಸಲಿವನ್ ಪ್ರಕರಣದ ನಂತರ ಅಮೆರಿಕದಲ್ಲಿ ಸಾರ್ವಜನಿಕ ಅಧಿಕಾರಿಯು, ಬರೆದವರಿಗೆ ಅದು ಸುಳ್ಳೆಂದು ಗೊತ್ತಿತ್ತು ಅಥವಾ ನಿಜವೋ ಸುಳ್ಳೋ ಎಂಬುದನ್ನು ಅವರು ಲೆಕ್ಕಿಸಲೇ ಇಲ್ಲ ಎಂದು ತೋರಿಸದೆ ಗೆಲ್ಲಲಾರರು. ಆದರೆ ಆ ಮಾನದಂಡ ಎಲ್ಲ ದೇಶಗಳಲ್ಲೂ ಇಲ್ಲ, ಇದ್ದಲ್ಲಿಯೂ ಅದು ಆದೇಶವನ್ನು ತರಿಸಿ ಓದದಿರುವುದಕ್ಕೆ ಪರವಾನಗಿಯಲ್ಲ.

ಪ್ರಕಟಣೆಗೆ ಮುನ್ನ ಕಂಪನಿಗೆ ಪ್ರಶ್ನೆಗಳನ್ನು ಕಳುಹಿಸಿದೆವು. ‘ನಿಮ್ಮ ಮೇಲೆ ದೂರುಗಳಿವೆ, ಏನು ಹೇಳುತ್ತೀರಿ’ ಎಂದು ಕೇಳಿದರೆ ಉತ್ತರವೂ ಅಷ್ಟೇ ಮಸುಕಾಗಿರುತ್ತದೆ. ಆದ್ದರಿಂದ ಗ್ರಾಹಕರ ಒಪ್ಪಿಗೆ ಪಡೆದು 9 ಒಪ್ಪಂದ ಸಂಖ್ಯೆಗಳನ್ನೂ ರದ್ದತಿಯ ದಿನಾಂಕಗಳನ್ನೂ ಬರೆದು, ನಾವು ಪ್ರಕಟಿಸಲಿರುವ ಆಪಾದನೆಯನ್ನು ಅದೇ ಪದಗಳಲ್ಲಿ ಮುಂದಿಟ್ಟು, ಐದು ಕೆಲಸದ ದಿನಗಳ ಸಮಯ ಕೊಟ್ಟೆವು. ಉತ್ತರ ನಾಲ್ಕನೆಯ ದಿನ ಬಂತು. ನಾಲ್ವರಿಗೆ ಹಣ ಮರಳಿಸಲಾಗಿದೆಯೆಂದು ಪಾವತಿಯ ವಿವರಗಳನ್ನು ಲಗತ್ತಿಸಿದ್ದರು. ಅವುಗಳಲ್ಲಿ ಒಂದು ಪಾವತಿ ಗಡುವಿನೊಳಗೇ ಆಗಿತ್ತು. ಹಣ ಆ ಗ್ರಾಹಕರ ಹಳೆಯ ಖಾತೆಗೆ ಹೋಗಿದ್ದನ್ನು ಅವರು ಗಮನಿಸಿರಲಿಲ್ಲ. ಉಳಿದ ಮೂರು ಪಾವತಿಗಳು ನಮ್ಮ ಪ್ರಶ್ನೆಗಳು ತಲುಪಿದ ಮರುದಿನ ಆಗಿದ್ದವು. ಆ ಒಂದು ಕಡತವನ್ನು ಕೈಬಿಟ್ಟೆವು. ಪ್ರಕಟವಾದ ಮೊದಲ ವಾಕ್ಯ ಹೀಗಿತ್ತು: ‘ಒಪ್ಪಂದದ 45 ದಿನಗಳ ಗಡುವು ಮುಗಿದರೂ ಎಂಟು ಗ್ರಾಹಕರಿಗೆ ಈ ಕಂಪನಿ ಠೇವಣಿ ಮರಳಿಸಿರಲಿಲ್ಲ; ಅವರಲ್ಲಿ ಮೂವರಿಗೆ ಹಣ ಬಂದದ್ದು ನಾವು ಪ್ರಶ್ನೆ ಕಳುಹಿಸಿದ ಮರುದಿನ.’ ಮೊದಲ ಕರಡಿಗಿಂತ ಇದೇ ಹೆಚ್ಚು ಚುಚ್ಚುತ್ತದೆ ಎಂದು ಆ ವರದಿಗಾರರೇ ನನಗೆ ಹೇಳಿದರು. ಕಂಪನಿಯ ಉತ್ತರದ ಸಾರವನ್ನು ಲೇಖನದ ಕೊನೆಗೆ ತಳ್ಳದೆ ಮೂರನೆಯ ಪ್ಯಾರಾದಲ್ಲಿಯೇ ಇಟ್ಟೆವು.

ಇಷ್ಟೆಲ್ಲ ಮಾಡಿದ ಮೇಲೂ ಲೀಗಲ್ ನೋಟಿಸ್ ಬಂತು, ಮತ್ತು ತಪ್ಪು ನನ್ನದೇ ಆಗಿತ್ತು. ನಾನು ಓದಿ ಒಪ್ಪಿಗೆ ಕೊಟ್ಟದ್ದು ಲೇಖನದ ಒಡಲನ್ನು ಮಾತ್ರ. ರಾತ್ರಿ ಕೊನೆಯ ಗಳಿಗೆಯಲ್ಲಿ ಬೇರೊಬ್ಬರು ಶೀರ್ಷಿಕೆ ಕೊಟ್ಟರು: ‘ಗ್ರಾಹಕರ ಹಣ ನುಂಗಿದ ಕಂಪನಿ’. ಅದರ ಕೆಳಗೆ ಕಂಪನಿಯ ನಿರ್ದೇಶಕರ ಭಾವಚಿತ್ರವಿತ್ತು. ನಾವು ಎರಡು ವಾರ ಕುಳಿತು ಲೇಖನದಿಂದ ಕಿತ್ತು ಹಾಕಿದ ಕ್ರಿಯಾಪದವೇ ಅತ್ಯಂತ ದೊಡ್ಡ ಅಕ್ಷರಗಳಲ್ಲಿ ಮರಳಿ ಬಂದಿತ್ತು, ಅದೂ ಒಬ್ಬ ವ್ಯಕ್ತಿಯ ಮುಖದೊಂದಿಗೆ. ಆ ಎಂಟು ಕಡತಗಳಲ್ಲಿ ಒಂದರಲ್ಲಿಯೂ ನಿರ್ದೇಶಕರು ಸ್ವತಃ ಏನನ್ನಾದರೂ ಮಾಡಿದರೆಂಬ ದಾಖಲೆ ಇರಲಿಲ್ಲ. ನೋಟಿಸಿನಲ್ಲಿ ಒಡಲಿನ ಒಂದು ವಾಕ್ಯವನ್ನೂ ಉಲ್ಲೇಖಿಸಿರಲಿಲ್ಲ. ಶೀರ್ಷಿಕೆ ಮತ್ತು ಚಿತ್ರ, ಎರಡೇ.

ವಕೀಲರ ಸಲಹೆಯಂತೆ ಮೂರು ದಿನಗಳೊಳಗೆ ತಿದ್ದುಪಡಿಯನ್ನು ಪ್ರಕಟಿಸಿದೆವು. ಅದನ್ನು ನಾನೇ ಬರೆದೆ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ’ ಎಂಬ ಜಾರಿಕೆಯ ಮಾತಿಗೆ ಬದಲಾಗಿ, ‘ಕಂಪನಿಯು ಹಣವನ್ನು ದುರುಪಯೋಗಪಡಿಸಿಕೊಂಡಿದೆ ಎಂಬ ಅರ್ಥ ಬರುವಂತೆ ಶೀರ್ಷಿಕೆ ಇತ್ತು, ಅದಕ್ಕೆ ನಮ್ಮಲ್ಲಿ ಆಧಾರವಿಲ್ಲ, ನಿರ್ದೇಶಕರ ಚಿತ್ರವನ್ನು ಬಳಸಿದ್ದು ತಪ್ಪು, ಲೇಖನದ ಉಳಿದ ಸಂಗತಿಗಳಿಗೆ ನಾವು ಬದ್ಧರಾಗಿದ್ದೇವೆ’ ಎಂದು ಹೇಳಿದೆವು. ಕೊನೆಯ ಆ ಮಾತನ್ನು ಬಿಡಬಾರದೆಂದು ನಾನು ಹಟ ಹಿಡಿದಿದ್ದೆ, ಏಕೆಂದರೆ ಶೀರ್ಷಿಕೆಯ ತಪ್ಪಿನಿಂದ ಆ ಎಂಟು ಜನರ ನಿಜವಾದ ದೂರು ಕೂಡ ಸುಳ್ಳೆಂಬಂತೆ ಕಾಣುವ ಅಪಾಯವಿತ್ತು. ಮೊಕದ್ದಮೆ ಆಗಲಿಲ್ಲ. ಉಳಿದ ಐವರಿಗೆ ಮುಂದಿನ ಎರಡು ತಿಂಗಳಲ್ಲಿ ಹಣ ಬಂತು.

ಈಗ ನನ್ನ ಪರಿಶೀಲನಾ ಹಾಳೆಯಲ್ಲಿ ಆಪಾದನೆ, ಅದಕ್ಕೆ ಕಾಗದ, ಕಾಗದವನ್ನು ಕಣ್ಣಾರೆ ಕಂಡವರು ಎಂಬ ಮೂರು ಕಲಂಗಳ ಮೇಲೆ ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರ, ಚಿತ್ರದ ಅಡಿಬರಹಗಳಿಗೆಂದೇ ನಾಲ್ಕು ಸಾಲುಗಳಿವೆ. ಶೀರ್ಷಿಕೆ ಕೊಟ್ಟವರು ತಮ್ಮ ಸಾಲಿನ ಎದುರು ಸಹಿ ಹಾಕುವವರೆಗೆ ಲೇಖನ ನನ್ನ ಮೇಜಿನಿಂದ ಹೊರಡುವುದಿಲ್ಲ.