ಒಂದೇ ಮುಖ, ಇಪ್ಪತ್ತೆರಡು ಉಡುಪು: ಭಾವನ ಅಂಗಡಿಯ ಕ್ಯಾಟಲಾಗ್ ಕೆಲಸದ ದಿನಚರಿ

ಮೊದಲ ವಾರ

ಬದಿಯಡ್ಕ ಪೇಟೆಯಲ್ಲಿರುವ ಭಾವನ ಬಟ್ಟೆ ಅಂಗಡಿಗೆ ಇಪ್ಪತ್ತೆರಡು ಉಡುಪುಗಳ ಕ್ಯಾಟಲಾಗ್ ಬೇಕಾಗಿದೆ. ರೂಪದರ್ಶಿಯಾಗಲು ಒಪ್ಪಿದವಳು ದೊಡ್ಡಮ್ಮನ ಮಗಳು. ಆದರೆ ಅವಳು ಓದುವುದು ಮಂಗಳೂರಿನಲ್ಲಾದ್ದರಿಂದ ನಮಗೆ ಸಿಕ್ಕಿದ್ದು ಒಂದು ಭಾನುವಾರ ಮಾತ್ರ. ಬಟ್ಟೆಗಳಾದರೋ ಕಂತುಕಂತಾಗಿ ಬರುತ್ತವೆ. ಆದ್ದರಿಂದ ಅವಳ ಮುಖವನ್ನು ಕಂಪ್ಯೂಟರಿಗೆ ಕಲಿಸಿ, ಬಟ್ಟೆ ಬಂದ ಹಾಗೆ ಚಿತ್ರ ಮಾಡುವುದೆಂದು ನಿಶ್ಚಯಿಸಿದೆವು. ಆ ಚಿತ್ರಗಳನ್ನು ಈ ಕ್ಯಾಟಲಾಗಿಗೆ ಮಾತ್ರ ಬಳಸುತ್ತೇವೆ, ಕೆಲಸ ಮುಗಿದ ಮೇಲೆ ಕಲಿಕೆಯ ಕಡತವನ್ನು ಅಳಿಸುತ್ತೇವೆ ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ.

ಮನೆಯ ಜಗಲಿಯಲ್ಲಿ ತೆಗೆದ ಹದಿನೆಂಟು ಫೋಟೋಗಳಿಂದ, ಬರೆದ ವಿವರಣೆಯನ್ನು ಚಿತ್ರವಾಗಿಸುವ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್ ಮಾದರಿಗೆ ಒಂದು ಲೋರಾ ತಯಾರಿಸಿದೆ. ಲೋರಾ ಎಂದರೆ ದೊಡ್ಡ ಮಾದರಿಯನ್ನು ಮುಟ್ಟದೆ, ಒಬ್ಬ ವ್ಯಕ್ತಿಯ ಚಹರೆಯಂಥ ಒಂದು ವಿಷಯವನ್ನಷ್ಟೇ ಕಲಿತು ಅದರ ಜತೆಗೆ ಸೇರಿಕೊಳ್ಳುವ ಚಿಕ್ಕ ಕಡತ. ಮೊದಲ ಪ್ರಯತ್ನ ಎರಡು ಕಾರಣಗಳಿಂದ ಕೆಟ್ಟಿತು.

ಹದಿನೆಂಟು ಫೋಟೋಗಳಲ್ಲಿಯೂ ಅವಳು ಅದೇ ಹಳದಿ ಚೂಡಿದಾರದಲ್ಲಿದ್ದಳು, ಮತ್ತು ಪ್ರತಿ ಫೋಟೋದ ವಿವರಣೆಯಾಗಿ ನಾನು ಅವಳಿಗೆಂದು ಆರಿಸಿದ `ksgd` ಎಂಬ ಗುರುತಿನ ಪದವನ್ನಷ್ಟೇ ಬರೆದಿದ್ದೆ. ವಿವರಣೆಯಲ್ಲಿ ಹೇಳದೆ ಬಿಟ್ಟದ್ದೆಲ್ಲ ಆ ಪದಕ್ಕೇ ಅಂಟಿಕೊಳ್ಳುತ್ತದೆ. ಹೀಗಾಗಿ ನೀಲಿ ಸೀರೆ ಕೇಳಿದರೂ ಹಳದಿ ಛಾಯೆ ಮತ್ತು ಆ ಚೂಡಿದಾರದ ಕುತ್ತಿಗೆಪಟ್ಟಿ ಇಣುಕುತ್ತಿದ್ದವು. ಅವಳು ಮರಳಿ ಹೋಗುವ ಮೊದಲು ಇನ್ನೂ ಮೂರು ಉಡುಪುಗಳಲ್ಲಿ, ಬೇರೆ ಬೇರೆ ಬೆಳಕಿನಲ್ಲಿ ಫೋಟೋ ತೆಗೆದು, ಬಟ್ಟೆಯನ್ನೂ ಹಿನ್ನೆಲೆಯನ್ನೂ ಹೇಳಿ ಮುಖದ ಬಗ್ಗೆ ಏನನ್ನೂ ಹೇಳದ ವಿವರಣೆ ಬರೆದೆ:

```
ksgd woman, yellow cotton churidar, red dupatta,
standing on a tiled veranda, soft daylight
```

ಎರಡನೆಯದು ಸಂಪೂರ್ಣವಾಗಿ ನನ್ನ ಅಲಕ್ಷ್ಯ. ಅವಳ ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆಯಿದೆ. ಬಂದ ಚಿತ್ರಗಳಲ್ಲಿ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಂದರಲ್ಲಂತೂ ಎರಡೂ ಕೆನ್ನೆಗಳಲ್ಲಿತ್ತು. ಕಲಿಕೆಯ ವೇಳೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ `flip_aug` ಎಂಬ ಆಯ್ಕೆಯನ್ನು ನಾನು ಚಾಲನೆಯಲ್ಲೇ ಬಿಟ್ಟಿದ್ದೆ. ಹೂಕುಂಡವನ್ನು ಕಲಿಸುವಾಗ ಅದು ಉಪಕಾರಿ. ಮನುಷ್ಯರ ಮುಖದ ಎರಡು ಬದಿಗಳು ಒಂದೇ ತೆರನಾಗಿರುವುದಿಲ್ಲ. ಅದನ್ನು ತೆಗೆದ ಮೇಲೆ ಮಚ್ಚೆ ತನ್ನ ಜಾಗಕ್ಕೆ ಬಂತು.

ಎರಡನೆಯ ವಾರ

ಎದೆಯ ಮಟ್ಟದ ಚಿತ್ರಗಳಲ್ಲಿ ಮುಖ ಅವಳದೇ. ಅಡಿಯಿಂದ ಮುಡಿಯವರೆಗಿನ ಚಿತ್ರದಲ್ಲಿ ಮಾತ್ರ ಯಾರೋ ದೂರದ ನೆಂಟರಂತೆ ಕಾಣುತ್ತಾಳೆ. ಲೋರಾದ ಬಲವನ್ನು ಹೆಚ್ಚಿಸಿದರೆ ಮುಖ ಸುಧಾರಿಸುವ ಬದಲು ಚರ್ಮ ಪ್ಲಾಸ್ಟಿಕ್ಕಿನಂತಾಗಿ, ಎಲ್ಲ ಚಿತ್ರಗಳಲ್ಲೂ ಒಂದೇ ನಗು ಬರುತ್ತದೆ.

ಕಾರಣ ಕಲಿಕೆಯಲ್ಲಿಲ್ಲ, ಅಳತೆಯಲ್ಲಿದೆ. ಈ ಮಾದರಿ ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ. ಉದ್ದಗಲಗಳೆರಡರಲ್ಲೂ ಎಂಟನೆಯ ಒಂದಕ್ಕೆ ಕುಗ್ಗಿಸಿದ ಚೌಕಜಾಲದಲ್ಲಿ ಕೆಲಸ ಮಾಡಿ, ಕೊನೆಗೆ ಹಿಗ್ಗಿಸುತ್ತದೆ. 832×1216 ಅಳತೆಯ ಚಿತ್ರದಲ್ಲಿ ನಿಂತ ಹೆಂಗಸಿನ ತಲೆ ಸುಮಾರು 140 ಪಿಕ್ಸೆಲ್ ಎತ್ತರ, 100 ಪಿಕ್ಸೆಲ್ ಅಗಲ ಇರುತ್ತದೆ. ಅಂದರೆ ಜಾಲದಲ್ಲಿ ಮುಖದ ಅಗಲಕ್ಕೆ ಸಿಗುವುದು ಹನ್ನೆರಡು ಮನೆ, ಒಂದು ಕಣ್ಣಿಗೆ ಎರಡೂವರೆ ಮನೆ. ಎರಡೂವರೆ ಮನೆಯಲ್ಲಿ ಯಾರ ಕಣ್ಣನ್ನೂ ಗುರುತಾಗುವಂತೆ ಬರೆಯಲಾಗದು. ಆದ್ದರಿಂದ ಮುಖದ ಭಾಗವನ್ನಷ್ಟೇ ಕತ್ತರಿಸಿ, 1024ಕ್ಕೆ ದೊಡ್ಡದು ಮಾಡಿ, ಅಲ್ಲಿ ಮತ್ತೆ ಬರೆಸಿ, ಕುಗ್ಗಿಸಿ ಮೂಲಜಾಗದಲ್ಲಿ ಕೂರಿಸಬೇಕು. ಹೀಗೆ ಮಾಡಿದ ಕೂಡಲೇ ಮುಖ ಅವಳದಾಯಿತು.

ಇಷ್ಟಾದ ಮೇಲೆ ಭಾವನಿಗೆ ತೋರಿಸಿದೆ. ಅವರು ಮುಖವನ್ನು ನೋಡಲೇ ಇಲ್ಲ. “ಈ ಸೀರೆಯ ಅಂಚಿನಲ್ಲಿ ಎರಡು ಗೆರೆ ಇರುವುದು ಮಾರಾಯ, ಇಲ್ಲಿ ಮೂರುಂಟು. ಗಿರಾಕಿಗಳು ಮೂರು ಗೆರೆಯದ್ದೇ ಬೇಕೆಂದರೆ ನಾನು ಎಲ್ಲಿಂದ ತರಲಿ?” ಎಂದರು. ಅದು ಕಾಸರಗೋಡು ಹತ್ತಿ ಸೀರೆ. ಭೌಗೋಳಿಕ ಸೂಚಿ ಪಡೆದ ಕೈಮಗ್ಗದ ನೇಯ್ಗೆಯನ್ನು ಯಂತ್ರದ ಅಂದಾಜಿಗೆ ಬಿಟ್ಟದ್ದು ತಪ್ಪೆಂದು ನಾನು ಒಪ್ಪಿಕೊಳ್ಳಬೇಕಾಯಿತು. ಎರಡು ವಾರ ಮುಖದ ಹಿಂದೆ ಬಿದ್ದು, ಮಾರಬೇಕಾದ ವಸ್ತುವನ್ನೇ ಮರೆತಿದ್ದೆ.

ಮೂರನೆಯ ವಾರ

ಕ್ರಮವನ್ನು ತಲೆಕೆಳಗು ಮಾಡಿದೆ. ಈಗ ಬಟ್ಟೆ ನಿಜವಾದ ಫೋಟೋ. ತಲೆ ಮತ್ತು ಕುತ್ತಿಗೆ ಮಾತ್ರ ಬರೆಸಿದ್ದು. ಹೆಚ್ಚುಕಡಿಮೆ ಅದೇ ಮೈಕಟ್ಟಿನ ಅತ್ತಿಗೆ ಪ್ರತಿ ಉಡುಪನ್ನು ಉಟ್ಟು ಜಗಲಿಯಲ್ಲಿ ನಿಲ್ಲುತ್ತಾರೆ, ನಾನು ಫೋನಿನಲ್ಲಿ 3000×4000 ಅಳತೆಯ ಚಿತ್ರ ತೆಗೆಯುತ್ತೇನೆ. ಇದರಲ್ಲಿ ತಲೆಯೇ 500 ಪಿಕ್ಸೆಲ್ ಎತ್ತರವಿರುವುದರಿಂದ, ತಲೆಯ ಸುತ್ತ 1000 ಪಿಕ್ಸೆಲ್ಲಿನ ಚೌಕ ಕತ್ತರಿಸಿದರೆ ಬಹುತೇಕ ಹಿಗ್ಗಿಸದೆಯೇ ಮಾದರಿಗೆ ಕೊಡಬಹುದು.

ಇಲ್ಲಿ ಎಲ್ಲವೂ, ಮೂಲಚಿತ್ರವನ್ನು ಎಷ್ಟು ಬದಲಿಸಬೇಕೆಂದು ಹೇಳುವ `denoise` ಎಂಬ ಒಂದು ಸಂಖ್ಯೆಯ ಮೇಲೆ ನಿಂತಿದೆ. 0.35ರಲ್ಲಿ ಬಂದ ಚಿತ್ರವನ್ನು ನೋಡಿ ಅತ್ತಿಗೆ, “ಕಣ್ಣು ಅವಳದ್ದು, ಮೂಗು ನನ್ನದೇ” ಎಂದು ನಕ್ಕರು. 0.8ಕ್ಕೆ ಏರಿಸಿದಾಗ ಮುಖ ಪೂರ್ತಿ ಅವಳದಾಯಿತು, ಆದರೆ ತಲೆ ಒಂದು ಕಡೆಗೆ, ಕುತ್ತಿಗೆಯ ನರ ಇನ್ನೊಂದು ಕಡೆಗೆ ತಿರುಗಿತ್ತು. ನನ್ನ ಲೋರಾಗೆ 0.55ರಿಂದ 0.62ರ ನಡುವೆ ಹದ ಸಿಕ್ಕಿತು. ಮತ್ತೆ ಬರೆಸಬೇಕಾದ ಭಾಗವನ್ನು ಗುರುತಿಸುವ ಮರೆಯ ಗೆರೆಯನ್ನು ಗಲ್ಲದಲ್ಲಿ ನಿಲ್ಲಿಸದೆ ರವಿಕೆಯ ಅಂಚಿನವರೆಗೆ ಇಳಿಸಬೇಕು. ಇಲ್ಲದಿದ್ದರೆ ಮುಖಕ್ಕೂ ಕುತ್ತಿಗೆಗೂ ಎರಡು ಬಣ್ಣ. ಕೈಗಳ ಬಣ್ಣದಲ್ಲಿ ಉಳಿಯುವ ವ್ಯತ್ಯಾಸವನ್ನು ಫೋಟೋ ತಿದ್ದುವ ತಂತ್ರಾಂಶದಲ್ಲಿ ಕೈಯಿಂದಲೇ ಸರಿಪಡಿಸುತ್ತಿದ್ದೇನೆ.

ಇನ್ನೊಂದು ಬಲೆ ಕಣ್ಣಿಗೆ ಬೀಳುವುದಿಲ್ಲ. ಮರೆಯ ಹೊರಗಿನ ಭಾಗವೂ ಕುಗ್ಗಿ ಹಿಗ್ಗಿಯೇ ಹೊರಬರುತ್ತದೆ. ರವಿಕೆಯ ಸಣ್ಣ ನೇಯ್ಗೆ ನುಣುಪಾಗಿ ಬಿಡುತ್ತದೆ. ಆದ್ದರಿಂದ ನಾನು ಚಿತ್ರ ಬರೆಸುವ ಕಂಫಿಯುಐ ತಂತ್ರಾಂಶದಲ್ಲಿ, ಜಾಲವನ್ನು ಚಿತ್ರವಾಗಿ ಹಿಗ್ಗಿಸುವ `VAE Decode` ಆದ ಬಳಿಕ `ImageCompositeMasked` ಎಂಬ ಹಂತ ಸೇರಿಸಿ, ಹೊಸ ತಲೆಯನ್ನು ಮಾತ್ರ ಮೂಲ ಫೋಟೋದ ಮೇಲೆ ಕೂರಿಸುತ್ತೇನೆ. ಮೂಲವನ್ನೂ ಫಲಿತಾಂಶವನ್ನೂ ಒಂದರ ಮೇಲೊಂದಿಟ್ಟು ವ್ಯತ್ಯಾಸ ತೆಗೆದಾಗ ಸೀರೆಯ ಭಾಗ ಪೂರ್ತಿ ಕಪ್ಪಾಗಿ ಕಂಡರೆ ಮಾತ್ರ ಮುಂದಿನ ಹೆಜ್ಜೆ.

ಹಿನ್ನೆಲೆಯ ವಿಷಯ ಚಿಕ್ಕದು. ಬೇಕಲ ಕೋಟೆ ಎಂದು ಬರೆದರೆ ರಾಜಸ್ಥಾನದ ಕೋಟೆಯಂಥದೇನೋ ಬಂತು; ಮುರಕಲ್ಲಿನ ಗೋಡೆಗೆ ಆ ನಯ ಎಲ್ಲಿಯದು? ನಾನೇ ಹೋಗಿ, ಮೋಡ ಕವಿದ ಸಂಜೆಯಲ್ಲಿ ತೆಗೆದ ಫೋಟೋಗಳನ್ನು ಬಳಸಿದ್ದೇನೆ. ಜಗಲಿಯ ಮೆದು ಬೆಳಕಿಗೆ ಬಿಸಿಲಿನ ಫೋಟೋ ಹೊಂದುವುದಿಲ್ಲ.

ನಾಲ್ಕನೆಯ ವಾರ

ಬಹಳ ಹೊತ್ತು ನೋಡಿದ ಮೇಲೆ ನನ್ನ ಕಣ್ಣಿಗೆ ಎಲ್ಲವೂ ಅವಳಂತೆಯೇ ಕಾಣತೊಡಗಿತು. ಆದ್ದರಿಂದ ಓಪನ್‌ಸಿವಿಯ ಎಸ್‌ಫೇಸ್ ಎಂಬ ಮುಖಹೋಲಿಕೆಯ ಮಾದರಿಯಿಂದ ಪ್ರತಿ ಚಿತ್ರವನ್ನು ಅವಳ ನಿಜ ಫೋಟೋದೊಡನೆ ಅಳೆದೆ. ಹೆಚ್ಚು ಹೆಸರಾದ ಇನ್‌ಸೈಟ್‌ಫೇಸ್‌ನ ಸಿದ್ಧ ಮಾದರಿಗಳು ವಾಣಿಜ್ಯೇತರ ಸಂಶೋಧನೆಗೆ ಮಾತ್ರ. ಅಂಗಡಿಯ ಕೆಲಸಕ್ಕೆ ಅವುಗಳನ್ನು ಬಳಸುವಂತಿಲ್ಲ. ಎಸ್‌ಫೇಸ್‌ನಲ್ಲಿ 0.363ಕ್ಕಿಂತ ಹೆಚ್ಚು ಬಂದರೆ ಒಬ್ಬರೇ ಎಂದು ಅರ್ಥ, ಆದರೆ ಆ ಗಡಿ ನಮಗೆ ಸಾಲದು. ಅವಳ ಅಕ್ಕನ ಫೋಟೋ ಕೂಡ ಅದನ್ನು ದಾಟಿತು. ಅವಳದೇ ನಿಜ ಫೋಟೋಗಳನ್ನು ಪರಸ್ಪರ ಅಳೆದಾಗ ಸಿಕ್ಕ ಅತಿ ಕಡಿಮೆ ಅಂಕವನ್ನು ನಮ್ಮ ಗಡಿಯಾಗಿ ಇಟ್ಟುಕೊಂಡೆ. ಮಚ್ಚೆಯನ್ನು ಈ ಅಂಕ ಗಮನಿಸುವುದಿಲ್ಲ, ಅದನ್ನು ನಾನೇ ನೋಡಬೇಕು.

ಹದಿನಾಲ್ಕು ಉಡುಪುಗಳು ಮುಗಿದಿವೆ. ಪ್ರತಿ ಪುಟದ ಅಡಿಯಲ್ಲಿ, ಬಟ್ಟೆ ನಿಜ, ಮುಖವನ್ನು ಕಂಪ್ಯೂಟರಿನಲ್ಲಿ ಜೋಡಿಸಿದೆ ಎಂದು ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಅಚ್ಚಾಗುತ್ತದೆ. ಉಳಿದ ಎಂಟರಲ್ಲಿ ಸೆರಗನ್ನು ತಲೆಯ ಮೇಲೆ ಹೊದ್ದ ಎರಡು ಚಿತ್ರಗಳಿವೆ. ಅಲ್ಲಿ ಮರೆಯ ಗೆರೆ ಬಟ್ಟೆಯ ಮೇಲೆಯೇ ಹಾದುಹೋಗಬೇಕಾಗುತ್ತದೆ. ಭಾವನೊಡನೆ ಮಾತನಾಡಿ, ಆ ಎರಡನ್ನು ಸೆರಗು ಇಳಿಸಿ ಮತ್ತೆ ತೆಗೆಯಲು ಶನಿವಾರ ಅತ್ತಿಗೆಯನ್ನು ಜಗಲಿಗೆ ಕರೆದಿದ್ದೇನೆ.