ಸೋಮವಾರ ಯಾರಿಂದ ಶುರು?

ನಮ್ಮ ಫ್ಲ್ಯಾಟ್‌ನಲ್ಲಿ ನಾಲ್ಕು ಜನ. ರಾತ್ರಿ ಪಾತ್ರೆ ತೊಳೆಯಲು ದಿನಕ್ಕೊಬ್ಬರ ಸರದಿ. ಪ್ರತಿ ಸೋಮವಾರ ನನ್ನಿಂದಲೇ ಶುರು ಮಾಡುತ್ತಿದ್ದೆವು. ನಾಲ್ಕು ವಾರದ ಲೆಕ್ಕ ಕೂಡಿಸಿದಾಗ ಬೇಜಾರಾಯಿತು. ಮೊದಲ ಮೂವರಿಗೆ 8 ಸಲ ಬಂದಿದೆ, ನಾಲ್ಕನೆಯವನಿಗೆ 4 ಸಲ ಮಾತ್ರ. ಅವನು ಒಂದು ದಿನವೂ ತಪ್ಪಿಸಿಲ್ಲ, ಪಾಪ. ವಾರಕ್ಕೆ ಏಳು ದಿನ, ನಾವು ನಾಲ್ವರು; ಗುರುವಾರ ಬಿಟ್ಟರೆ ಅವನ ಸರದಿ ಬರುವುದೇ ಇಲ್ಲ!

ಈಗ ಸೋಮವಾರ ಹೊಸದಾಗಿ ಶುರು ಮಾಡುವುದಿಲ್ಲ. ಭಾನುವಾರ ಮೂರನೆಯವನು ತೊಳೆದರೆ ಸೋಮವಾರ ನಾಲ್ಕನೆಯವನು. ಹೀಗೆ 28 ದಿನಕ್ಕೆ ಎಲ್ಲರಿಗೂ ಸರಿಯಾಗಿ 7 ಸಲ. ಭಾನುವಾರವೂ ಒಬ್ಬೊಬ್ಬರಿಗೆ ಒಂದೇ ಸಲ. ನನಗೆ ಅದೇ ಜಾಸ್ತಿ ಖುಷಿ, ಯಾಕಂದ್ರೆ ಅವತ್ತು ಬಿರಿಯಾನಿ ಪಾತ್ರೆ, ತಳ ಹಿಡಿದಿರುತ್ತೆ.

ರಾತ್ರಿ ಒಂಬತ್ತಕ್ಕೆ ಗ್ರೂಪಿಗೆ ಒಂದೇ ಸಾಲು ಹಾಕುತ್ತೇನೆ: ಇವತ್ತು ಯಾರು, ನಾಳೆ ಯಾರು. ನಾಳೆಯ ಹೆಸರಿದ್ದರೆ ಊರಿಗೆ ಹೋಗುವವರು ಮೊದಲೇ ಅದಲುಬದಲು ಕೇಳುತ್ತಾರೆ. ಫ್ರಿಜ್ ಮೇಲಿನ ಹಾಳೆಯಲ್ಲಿ ಗೀಟು ಮಾತ್ರ ತೊಳೆದವರ ಹೆಸರಿಗೇ. ಮೊನ್ನೆ ನನ್ನ ಬದಲು ತೊಳೆದವನಿಗೆ ನಾನಿನ್ನೂ ಒಂದು ಬಾಕಿ. ಶುಕ್ರವಾರ ತೀರಿಸುತ್ತೇನೆ.